ಆನೆಯ ಪಾದಕ್ಕೂ ಕಿವಿ ಇದೆಯೇ?

ಊರಹಬ್ಬದ ಮೆರವಣಿಗೆ ಇನ್ನೂ ದೂರದಲ್ಲಿದೆ ಎಂದುಕೊಳ್ಳಿ. ಪಲ್ಲಕ್ಕಿ ಕಾಣುತ್ತಿಲ್ಲ, ಜನರ ಮಾತು ಕೇಳುತ್ತಿಲ್ಲ. ಆದರೂ ಮೆರವಣಿಗೆ ಹೊರಟಿದೆ ಎಂದು ನಿಮಗೆ ಗೊತ್ತಾಗುತ್ತದೆ. ಹೇಗೆ? ಮೊದಲು ಕಿವಿಗೆ ಬೀಳುವುದು ಉರುಮೆ, ಡೊಳ್ಳುಗಳ 'ಧಿಂ ಧಿಂ' ಸದ್ದು. ತಾಳದ ಕಿಣಿಕಿಣಿ ಕೇಳಿಸುವುದು ಮೆರವಣಿಗೆ ಹತ್ತಿರ ಬಂದ ಮೇಲೆಯೇ. ತಗ್ಗಿನ ಸದ್ದು ದೂರ ಹೋಗುತ್ತದೆ, ಕೀಚಲು ಸದ್ದು ಬೇಗ ಅಡಗಿಹೋಗುತ್ತದೆ.

ಈ ಸಂಗತಿಯನ್ನು ನಮಗಿಂತ ಚೆನ್ನಾಗಿ ಬಳಸಿಕೊಳ್ಳುವ ಪ್ರಾಣಿಯೊಂದು ನಮ್ಮ ನಾಡಿನ ಕಾಡುಗಳಲ್ಲೇ ಇದೆ. ಅದೇ ಆನೆ.

ದೂರದಲ್ಲಿರುವ ಬಳಗ

ಬೇಸಿಗೆಯಲ್ಲಿ ಕಬಿನಿ ಜಲಾಶಯದ ನೀರು ಇಳಿಯುತ್ತದೆ. ನೀರು ಸರಿದ ಜಾಗದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಆಗ ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳಿಂದ ಆನೆಗಳ ಗುಂಪುಗಳು ಅಲ್ಲಿಗೆ ಬರುತ್ತವೆ. ಗುಂಪಿನಲ್ಲಿ ಇರುವುದು ಹೆಣ್ಣಾನೆಗಳು ಮತ್ತು ಮರಿಗಳು. ಸಾಮಾನ್ಯವಾಗಿ ಹಿರಿಯ ಹೆಣ್ಣಾನೆಯೊಂದು ಮುಂದಾಳು. ಗಂಡು ಮರಿಗಳು ಬೆಳೆದ ಮೇಲೆ ಗುಂಪನ್ನು ಬಿಟ್ಟು ಬೇರೆಯಾಗಿ ತಿರುಗುತ್ತವೆ.

ಒಂದು ಆನೆಗೆ ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಮೇವು ಬೇಕು. ಎಲ್ಲ ಆನೆಗಳೂ ಒಂದೇ ಕಡೆ ಮೇಯ್ದರೆ ಮೇವು ಸಾಲುವುದಿಲ್ಲ. ಆದ್ದರಿಂದ ಬಳಗದ ಆನೆಗಳು ಚಿಕ್ಕ ಚಿಕ್ಕ ಗುಂಪುಗಳಾಗಿ ಕಾಡಿನಲ್ಲಿ ಹರಡಿಕೊಳ್ಳುತ್ತವೆ. ನಡುವೆ ದಟ್ಟವಾದ ಬಿದಿರು, ಲಂಟಾನ, ಮರಗಳು. ಒಂದು ಗುಂಪಿಗೆ ಇನ್ನೊಂದು ಗುಂಪು ಕಾಣುವುದೇ ಇಲ್ಲ. ಆದರೂ ಅವು ಮತ್ತೆ ಒಂದೇ ನೀರಿನ ಬಳಿ ಸೇರುತ್ತವೆ.

ಗಂಡಾನೆಯ ವಿಷಯ ಇನ್ನೂ ಕಷ್ಟದ್ದು. ಹೆಣ್ಣಾನೆ ಗಂಡಾನೆಯನ್ನು ಕೂಡುವುದು ಸಾಮಾನ್ಯವಾಗಿ ನಾಲ್ಕೈದು ವರ್ಷಗಳಿಗೊಮ್ಮೆ, ಅದೂ ಕೆಲವೇ ದಿನಗಳ ಕಾಲ. ಆ ದಿನಗಳಲ್ಲೇ ಎಲ್ಲೋ ದೂರದಲ್ಲಿರುವ ಗಂಡಾನೆಗೆ ಸುದ್ದಿ ಮುಟ್ಟಬೇಕು. ಮುಟ್ಟದಿದ್ದರೆ ಮರಿ ಹುಟ್ಟುವುದಿಲ್ಲ. ಹಾಗಾದರೆ ಸುದ್ದಿ ಮುಟ್ಟುವುದು ಹೇಗೆ?

ಆನೆ ಘೀಳಿಡುತ್ತದೆ ಎಂಬುದು ನಿಮಗೆ ಗೊತ್ತು. ಆದರೆ ಘೀಳು ಆನೆಯ ಹಲವು ದನಿಗಳಲ್ಲಿ ಒಂದು ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈ ಕಾಡಿನ ಆನೆಗಳ ದನಿಗಳನ್ನು ಧ್ವನಿಮುದ್ರಣ ಮಾಡಿ ಅಧ್ಯಯನ ನಡೆಸಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ದನಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ತುತ್ತೂರಿಯಂಥ ಘೀಳು, ಹಕ್ಕಿಯಂಥ ಚಿಲಿಪಿಲಿ, ಗರ್ಜನೆ ಮತ್ತು ಮೊರೆತ. ಇವುಗಳಲ್ಲಿ ಮೊರೆತವೇ ಎಲ್ಲಕ್ಕಿಂತ ತಗ್ಗಿನ ದನಿ. ನಮ್ಮ ಕಥೆಯ ನಾಯಕ ಈ ಮೊರೆತವೇ.

ಕೇಳದ ದನಿ ಸಿಕ್ಕಿದ್ದು ಹೇಗೆ?

ಎಂ. ಕೃಷ್ಣನ್ ಎಂಬ ಪ್ರಸಿದ್ಧ ನಿಸರ್ಗ ವೀಕ್ಷಕರಿದ್ದರು. 1940ರ ದಶಕದಲ್ಲಿ ಅವರು ನಮ್ಮ ನೆರೆಯ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ಕೆಲಸದಲ್ಲಿದ್ದವರು. ದಕ್ಷಿಣದ ಕಾಡುಗಳಲ್ಲಿ ಆನೆಗಳನ್ನು ಬಹಳ ಕಾಲ ಗಮನಿಸಿದ ಅವರು, ಆನೆಗಳು ಕಿವಿಗೆ ಕೇಳಿಯೂ ಕೇಳದಂಥ ತೀರ ತಗ್ಗಿನ ದನಿ ಹೊರಡಿಸುತ್ತವೆ ಎಂದು 1972ರಲ್ಲಿ ಬರೆದರು. ಆದರೆ ಆ ದನಿಯನ್ನು ಹಿಡಿದು ತೋರಿಸುವ ಉಪಕರಣ ಅವರ ಬಳಿ ಇರಲಿಲ್ಲ.

ಆ ಕೆಲಸ ನಡೆದದ್ದು 1984ರಲ್ಲಿ. ಅಮೆರಿಕದ ಕೇಟಿ ಪೇನ್ ಅದಕ್ಕೂ ಮೊದಲು ತಿಮಿಂಗಿಲಗಳ ಹಾಡನ್ನು ಅಧ್ಯಯನ ಮಾಡಿದವರು. ಆ ವರ್ಷ ಅವರು ಪೋರ್ಟ್‌ಲೆಂಡ್ ನಗರದ ಮೃಗಾಲಯಕ್ಕೆ ಹೋಗಿ ಕೆಲವು ದಿನ ಆನೆಗಳ ಬಳಿ ಕುಳಿತರು. ಅಲ್ಲಿದ್ದವು ನಮ್ಮ ಕಾಡಿನ ಆನೆಗಳ ಜಾತಿಯವೇ, ಅಂದರೆ ಏಷ್ಯಾದ ಆನೆಗಳು. ಆನೆಗಳ ಪಕ್ಕದಲ್ಲಿದ್ದಾಗ ಅವರಿಗೆ ಆಗಾಗ ಗಾಳಿಯೇ ಅದುರಿದಂತೆ ಅನ್ನಿಸುತ್ತಿತ್ತು. ಕಿವಿಗೆ ಮಾತ್ರ ಏನೂ ಕೇಳುತ್ತಿರಲಿಲ್ಲ.

ಮನೆಗೆ ಮರಳುವಾಗ ಅವರಿಗೆ ಬಾಲ್ಯದ ಒಂದು ನೆನಪು ಬಂತು. ಚಿಕ್ಕವರಿದ್ದಾಗ ಅವರು ಚರ್ಚಿನಲ್ಲಿ ಆರ್ಗನ್ ಎಂಬ ದೊಡ್ಡ ವಾದ್ಯದ ಹತ್ತಿರ ನಿಂತು ಹಾಡುತ್ತಿದ್ದರು. ಅದರ ಅತಿ ಉದ್ದದ ಕೊಳವೆಗಳು ನುಡಿದಾಗ ಎದೆಯಲ್ಲಿ ಇಂಥದೇ ಅದುರು ಆಗುತ್ತಿತ್ತು! ಹಾಗಾದರೆ ಆನೆಗಳೂ ನಮಗೆ ಕೇಳದಷ್ಟು ತಗ್ಗಿನ ದನಿಯಲ್ಲಿ ಮಾತನಾಡುತ್ತಿವೆಯೇ?

ಇಬ್ಬರು ಜೊತೆಗಾರರೊಂದಿಗೆ ಅವರು ಮತ್ತೆ ಅದೇ ಮೃಗಾಲಯಕ್ಕೆ ಹೋದರು. ಈ ಬಾರಿ ಬಹಳ ತಗ್ಗಿನ ದನಿಯನ್ನೂ ಹಿಡಿಯಬಲ್ಲ ಧ್ವನಿಮುದ್ರಣ ಯಂತ್ರ ಜೊತೆಯಲ್ಲಿತ್ತು. ಮುದ್ರಿಸಿಕೊಂಡ ಟೇಪನ್ನು ಹತ್ತು ಪಟ್ಟು ವೇಗವಾಗಿ ಓಡಿಸಿದರು. ವೇಗ ಹೆಚ್ಚಾದರೆ ದನಿಯೂ ಮೇಲೇರುತ್ತದೆ. ಆಗ ಮೌನವಾಗಿದ್ದ ಟೇಪಿನಿಂದ ದನ ಕೂಗಿದಂಥ ದನಿ ಕೇಳಿಬಂತು. ಒಂದು ಗಂಡಾನೆ ಮತ್ತು ಒಂದು ಹೆಣ್ಣಾನೆ ಕಾಂಕ್ರೀಟ್ ಗೋಡೆಯ ಆಚೆ ಈಚೆ ನಿಂತು ದನಿ ವಿನಿಮಯ ಮಾಡಿಕೊಳ್ಳುತ್ತಿದ್ದವು. ಆನೆಯ ಹಣೆಯ ಮೇಲೆ, ಸೊಂಡಿಲ ಬುಡದ ಬಳಿ, ಚರ್ಮ ಪಟಪಟನೆ ಅದುರುವಾಗಲೇ ಈ ದನಿ ಹೊರಡುತ್ತಿತ್ತು. 1986ರಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಅವಧ್ವನಿ ಎಂದರೇನು?

ಸದ್ದು ಎಂದರೆ ಅದುರು ಎಂದು ನೀವು ಓದಿದ್ದೀರಿ. ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಅದುರುತ್ತದೆ ಎಂಬುದೇ ಆವೃತ್ತಿ. ಅದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ನಮ್ಮ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. 20 ಹರ್ಟ್ಸ್‌ಗಿಂತ ಕಡಿಮೆ ಇರುವುದು ಅವಧ್ವನಿ.

ಪೇನ್ ತಂಡ ಹಿಡಿದ ಮೊರೆತಗಳ ಆವೃತ್ತಿ 14ರಿಂದ 24 ಹರ್ಟ್ಸ್. ಅಂದರೆ ಅದರ ಬಹುಭಾಗ ನಮ್ಮ ಕಿವಿಯ ಗಡಿಯ ಕೆಳಗೇ ಇದೆ. ಆನೆ ಗಟ್ಟಿಯಾಗಿಯೇ ಮೊರೆಯುತ್ತಿರುತ್ತದೆ, ಅದು ನಮಗೆ ಕೇಳುವುದಿಲ್ಲ ಅಷ್ಟೇ. ಮೊರೆತದ ಮೇಲ್ಭಾಗದ ಕೆಲವು ದನಿಗಳು ಮಾತ್ರ ಹತ್ತಿರ ಇರುವವರಿಗೆ ಗುಡುಗುಟ್ಟಿದಂತೆ ಕೇಳುವುದುಂಟು.

ಇಷ್ಟು ತಗ್ಗಿನ ದನಿ ಆನೆಯ ಗಂಟಲಲ್ಲಿ ಹೇಗೆ ಹುಟ್ಟುತ್ತದೆ? ನಿಮ್ಮ ಗಂಟಲ ಮೇಲೆ ಬೆರಳಿಟ್ಟು 'ಮ್...' ಎನ್ನಿ. ಒಳಗೆ ಏನೋ ಅದುರುವುದು ಗೊತ್ತಾಗುತ್ತದೆ. ಅವೇ ಧ್ವನಿತಂತುಗಳು. ದೊಡ್ಡವರಲ್ಲಿ ಇವುಗಳ ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಆನೆಯಲ್ಲಿ ಸುಮಾರು ಹತ್ತು ಸೆಂಟಿಮೀಟರ್! ಉದ್ದವಾದ, ದಪ್ಪವಾದ ತಂತಿ ನಿಧಾನವಾಗಿ ಅದುರುತ್ತದೆ, ತಗ್ಗಿನ ದನಿ ಕೊಡುತ್ತದೆ. ಜರ್ಮನಿಯ ಬರ್ಲಿನ್ ಮೃಗಾಲಯದಲ್ಲಿ ಸಹಜವಾಗಿ ಸತ್ತ ಆನೆಯೊಂದರ ಧ್ವನಿಪೆಟ್ಟಿಗೆಯನ್ನು ತೆಗೆದು, ಅದರೊಳಗೆ ಗಾಳಿ ಊದಿದ ವಿಜ್ಞಾನಿಗಳಿಗೆ ಇದೇ ಅವಧ್ವನಿ ಸಿಕ್ಕಿತು. ಇದು 2012ರಲ್ಲಿ ಪ್ರಕಟವಾಯಿತು. ಆನೆ ಮೊರೆಯುವುದೂ ನಾವು ಹಾಡುವುದೂ ಒಂದೇ ರೀತಿಯಲ್ಲಿ, ಉಸಿರಿನ ಗಾಳಿಯಿಂದಲೇ ಎಂದು ಇದರಿಂದ ತಿಳಿಯಿತು.

ತಗ್ಗಿನ ದನಿ ದೂರ ಹೋಗುವುದೇಕೆ?

ಒಂದು ಸಣ್ಣ ಲೆಕ್ಕ ಮಾಡೋಣ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಆನೆಯ ಮೊರೆತ 17 ಹರ್ಟ್ಸ್ ಎಂದುಕೊಳ್ಳಿ. ಆಗ ಒಂದು ಸೆಕೆಂಡಿನ 340 ಮೀಟರ್ ಉದ್ದದಲ್ಲಿ 17 ಅಲೆಗಳು ಇರುತ್ತವೆ. 340ನ್ನು 17ರಿಂದ ಭಾಗಿಸಿದರೆ 20. ಅಂದರೆ ಒಂದೊಂದು ಅಲೆಯ ಉದ್ದ 20 ಮೀಟರ್, ಎರಡು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು. ನಿಮ್ಮ ಮೇಷ್ಟರು ಊದುವ ಸೀಟಿಯ ಆವೃತ್ತಿ 3,400 ಹರ್ಟ್ಸ್ ಎಂದುಕೊಂಡರೆ, ಅದರ ಅಲೆ ಬರೀ ಹತ್ತು ಸೆಂಟಿಮೀಟರ್.

ಹತ್ತು ಸೆಂಟಿಮೀಟರಿನ ಅಲೆಗೆ ಎಲೆ, ರೆಂಬೆ, ಮರದ ಬೊಡ್ಡೆ ಎಲ್ಲವೂ ಅಡ್ಡಿಯೇ. ಅದು ತಾಗಿ ಚೆದರುತ್ತದೆ. ಇಪ್ಪತ್ತು ಮೀಟರಿನ ಅಲೆಗೆ ಮರ ಲೆಕ್ಕಕ್ಕೇ ಇಲ್ಲ. ಕೆರೆಯ ದೊಡ್ಡ ಅಲೆ ನೀರಿನಲ್ಲಿ ನಿಂತ ಜೊಂಡಿನ ಕಡ್ಡಿಯನ್ನು ಬಳಸಿಕೊಂಡು ಮುಂದೆ ಹೋಗುವಂತೆ ಅದು ಮರವನ್ನು ಬಳಸಿ ಮುಂದೆ ಹೋಗುತ್ತದೆ. ಅಲ್ಲದೆ, ಗಾಳಿಯೂ ಕೀಚಲು ಸದ್ದನ್ನು ಬೇಗ ಹೀರುತ್ತದೆ, ತಗ್ಗಿನ ಸದ್ದನ್ನು ಬಹಳ ನಿಧಾನವಾಗಿ ಹೀರುತ್ತದೆ.

ಎಷ್ಟು ದೂರ?

ಇದನ್ನು ಪರೀಕ್ಷಿಸಲು ಪೇನ್ ಅವರ ತಂಡ ಆಫ್ರಿಕಾದ ನಮೀಬಿಯ ದೇಶದ ಎಟೋಶ ಎಂಬ ಅಭಯಾರಣ್ಯಕ್ಕೆ ಹೋಯಿತು. ಕೆಲವರು ನೀರುಗುಂಡಿಯ ಬಳಿ ಅಟ್ಟಣೆಯ ಮೇಲೆ ಕುಳಿತು ಆನೆಗಳನ್ನು ನೋಡುತ್ತಿದ್ದರು. ಇನ್ನು ಕೆಲವರು ದೂರದಲ್ಲಿ ವಾಹನ ನಿಲ್ಲಿಸಿ, ದೊಡ್ಡ ಧ್ವನಿವರ್ಧಕದಿಂದ ಆನೆಯ ಮೊರೆತದ ಮುದ್ರಣವನ್ನು ನುಡಿಸುತ್ತಿದ್ದರು. ಎರಡು ಕಿಲೋಮೀಟರ್ ದೂರದಿಂದ ನುಡಿಸಿದಾಗಲೂ ಆನೆಗಳು ತಲೆ ಎತ್ತಿದವು, ಕಿವಿ ಅಗಲಿಸಿದವು, ಅಲುಗಾಡದೆ ನಿಂತವು. ಕೆಲವು ಗಂಡಾನೆಗಳು ಸದ್ದು ಬಂದ ಕಡೆಗೇ ನಡೆದವು! ಆ ಧ್ವನಿವರ್ಧಕಕ್ಕೆ ಆನೆಯ ಪೂರ್ಣ ದನಿಯ ಅರ್ಧದಷ್ಟು ಬಲ ಮಾತ್ರ ಇತ್ತು. ಆದ್ದರಿಂದ ನಿಜವಾದ ಆನೆಯ ದನಿ ಸುಮಾರು ನಾಲ್ಕು ಕಿಲೋಮೀಟರ್ ಮುಟ್ಟುತ್ತದೆಂದು ಅವರು 1991ರಲ್ಲಿ ವರದಿ ಮಾಡಿದರು.

ನಾಲ್ಕು ಕಿಲೋಮೀಟರ್ ಎಂದರೆ ಎಷ್ಟು? ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರವನ್ನು ನೆನೆಯಿರಿ. ಅಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನವಿದೆ. ಸುಮಾರು ಒಂದೂವರೆ ಕಿಲೋಮೀಟರ್ ಆಚೆಗೆ ಬ್ರಹ್ಮಗಿರಿಯಲ್ಲಿ ಇನ್ನೊಂದು, ಸುಮಾರು ಐದು ಕಿಲೋಮೀಟರ್ ದೂರದ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಮತ್ತೊಂದು ಶಾಸನವಿದೆ. ಇದು ಆನೆಗಳ ನೆಲೆಯಲ್ಲ, ಆದರೆ ಕಲ್ಪಿಸಿಕೊಳ್ಳಲು ಅಡ್ಡಿಯಿಲ್ಲ. ಸಿದ್ದಾಪುರದ ಶಾಸನದ ಬಂಡೆಯ ಬಳಿ ಒಂದು ಆನೆ ಮೊರೆದರೆ ಬ್ರಹ್ಮಗಿರಿಯ ಆನೆಗೆ ಐದು ಸೆಕೆಂಡಿನೊಳಗೆ ಕೇಳುತ್ತದೆ. ಜಟಿಂಗ ರಾಮೇಶ್ವರದ ಬುಡಕ್ಕೆ ಮುಟ್ಟಲು ಹದಿನೈದು ಸೆಕೆಂಡು ಬೇಕು. ಒಂದು ಮೊರೆತವೇ ಹತ್ತು ಹದಿನೈದು ಸೆಕೆಂಡು ನಡೆಯುವುದುಂಟು. ಹಾಗಾಗಿ ಕೂಗಿನ ಕೊನೆ ಇಲ್ಲಿ ಬಾಯಿಂದ ಹೊರಡುವಾಗ ಕೂಗಿನ ಮೊದಲು ಅಲ್ಲಿ ಬೆಟ್ಟಕ್ಕೆ ಮುಟ್ಟಿರುತ್ತದೆ!

ಆದರೆ ಜಟಿಂಗ ರಾಮೇಶ್ವರದ ಬಳಿಯ ಆನೆಗೆ ಅದು ಕೇಳುವುದೋ ಇಲ್ಲವೋ ಎಂಬುದು ಹೊತ್ತಿನ ಮೇಲೆ ನಿಂತಿದೆ. ಮಟಮಟ ಮಧ್ಯಾಹ್ನ ನೆಲ ಕಾದಿರುತ್ತದೆ. ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಆಗ ಸದ್ದು ಮೇಲಕ್ಕೆ ಬಾಗಿ ಆಕಾಶದ ಪಾಲಾಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ. ಕೆಳಗಿನ ಗಾಳಿ ತಂಪು, ಮೇಲಿನದು ಇನ್ನೂ ಬಿಸಿ. ಆಗ ಸದ್ದು ಕೆಳಕ್ಕೆ ಬಾಗಿ ನೆಲದ ಗುಂಟ ಸಾಗುತ್ತದೆ. ರಾತ್ರಿ ಪಕ್ಕದ ಊರಿನ ಮೈಕಿನ ಸದ್ದು ನಿಮಗೆ ಹತ್ತಿರದಲ್ಲೇ ಇದ್ದಂತೆ ಕೇಳುವುದಿಲ್ಲವೇ? ಅದಕ್ಕೆ ಇದೂ ಒಂದು ಕಾರಣ. ಗಾಳಿ ಬೀಸದ ಒಳ್ಳೆಯ ಸಂಜೆಯಲ್ಲಿ ಆಫ್ರಿಕಾದ ಬಯಲಿನ ಆನೆಯ ಮೊರೆತ ಹತ್ತು ಕಿಲೋಮೀಟರ್‌ವರೆಗೂ ಹೋಗಬಲ್ಲದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ನೆಲದ ಮೇಲಿನ ಟಪಾಲು

ಅದೇ ಎಟೋಶದಲ್ಲಿ 1992ರಲ್ಲಿ ಕೇಟ್ಲಿನ್ ಓ'ಕಾನೆಲ್ ಎಂಬ ಯುವ ವಿಜ್ಞಾನಿ ಒಂದು ವಿಚಿತ್ರ ಗಮನಿಸಿದರು. ನೀರು ಕುಡಿಯುತ್ತಿದ್ದ ಆನೆಗಳು ಕೆಲವೊಮ್ಮೆ ಥಟ್ಟನೆ ನಿಲ್ಲುತ್ತಿದ್ದವು. ಮೈಭಾರವನ್ನು ಮುಂಗಾಲುಗಳ ಮೇಲೆ ಹಾಕಿ ಮುಂದಕ್ಕೆ ಬಾಗುತ್ತಿದ್ದವು. ಕೆಲವು ಆನೆಗಳು ಒಂದು ಮುಂಗಾಲನ್ನು ಎತ್ತಿ, ಪಾದದ ತುದಿಯನ್ನು ಮಾತ್ರ ನೆಲಕ್ಕೆ ತಾಗಿಸಿ ಕಲ್ಲಿನಂತೆ ನಿಲ್ಲುತ್ತಿದ್ದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಗುಂಪು ಅಲ್ಲಿಗೆ ಬರುತ್ತಿತ್ತು.

ಓ'ಕಾನೆಲ್ ಮೊದಲು ಸಣ್ಣ ಜಿಗಿಹುಳುಗಳನ್ನು ಅಧ್ಯಯನ ಮಾಡಿದ್ದರು. ಆ ಹುಳುಗಳು ಗಿಡದ ದಂಟನ್ನು ಅದುರಿಸಿ ಒಂದಕ್ಕೊಂದು ಸುದ್ದಿ ಕಳಿಸುತ್ತವೆ. ಸುದ್ದಿ ಕೇಳುವ ಹುಳು ಹೀಗೆಯೇ ಕಾಲೂರಿ ಅಲುಗಾಡದೆ ನಿಲ್ಲುತ್ತದೆ. ಹಾಗಾದರೆ ಆನೆಯೂ ನೆಲದ ಅದುರನ್ನು ಕಾಲಿನಿಂದ ಕೇಳುತ್ತಿದೆಯೇ?

ಆನೆ ಬಲವಾಗಿ ಮೊರೆದಾಗ ಅದರ ಅದುರು ಗಾಳಿಯಲ್ಲಿ ಮಾತ್ರವಲ್ಲ, ನೆಲಕ್ಕೂ ಇಳಿಯುತ್ತದೆ. ಓ'ಕಾನೆಲ್ ಮತ್ತು ಜೊತೆಗಾರರು ಸಾಕಿದ ಏಷ್ಯಾದ ಆನೆಗಳ ಬಳಿ ನೆಲದ ಅದುರನ್ನು ಹಿಡಿಯುವ ಉಪಕರಣ ಹೂತು ಇದನ್ನು ಅಳೆದು 2000ದಲ್ಲಿ ಪ್ರಕಟಿಸಿದರು. ಆನೆ ಕಾಲು ಅಪ್ಪಳಿಸಿದಾಗಲೂ ಇಂಥ ಅಲೆ ಏಳುತ್ತದೆ. ಕೊಳದಲ್ಲಿ ಕಲ್ಲು ಹಾಕಿದಾಗ ನೀರಿನ ಮೇಲ್ಭಾಗದಲ್ಲಿ ಅಲೆ ಹರಡುವಂತೆ ಇದು ನೆಲದ ಮೇಲ್ಪದರದಲ್ಲಿ ಹರಡುತ್ತದೆ.

ಆದರೆ ಅಲೆ ನೆಲದಲ್ಲಿದೆ ಎಂದ ಮಾತ್ರಕ್ಕೆ ಆನೆ ಅದನ್ನು ಕೇಳಿಸಿಕೊಳ್ಳುತ್ತದೆ ಎನ್ನಲಾಗದು. ಕಿವಿಯಿಂದಲೇ ಕೇಳಿರಬಹುದಲ್ಲ? ಇದನ್ನು ಬಿಡಿಸಲು ಅವರು ಮಾಡಿದ ಪರೀಕ್ಷೆ ಬಹಳ ಜಾಣತನದ್ದು. ಸಿಂಹಗಳು ಹತ್ತಿರವಿದ್ದಾಗ ಎಟೋಶದ ಆನೆಗಳು ಹೊರಡಿಸಿದ್ದ ಅಪಾಯದ ಮೊರೆತದ ಮುದ್ರಣ ಅವರ ಬಳಿ ಇತ್ತು. ದೂರದ ಕೀನ್ಯ ದೇಶದ ಆನೆಗಳ ಅಪಾಯದ ಮೊರೆತವೂ ಇತ್ತು. ನೀರುಗುಂಡಿಯ ಬಳಿ ಅದುರಿಸುವ ಯಂತ್ರಗಳನ್ನು ಹೂತು, ಈ ಮೊರೆತಗಳನ್ನು ಗಾಳಿಗೆ ಬಿಡದೆ ನೆಲಕ್ಕೆ ಮಾತ್ರ ಕೊಟ್ಟರು.

ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಎಟೋಶದ ಆನೆಗಳದೇ ಅಪಾಯದ ಮೊರೆತ ನೆಲದಲ್ಲಿ ಬಂದಾಗ ಗುಂಪಿನ ಆನೆಗಳು ಒತ್ತೊತ್ತಾಗಿ ಕೂಡಿಕೊಂಡವು, ಬೇಗನೆ ನೀರನ್ನು ಬಿಟ್ಟು ಹೊರಟುಹೋದವು. ಕೀನ್ಯದ ಅಪರಿಚಿತ ಆನೆಗಳ ಮೊರೆತ ಬಂದಾಗ ಅಷ್ಟು ಗಾಬರಿಯಾಗಲಿಲ್ಲ. ಎರಡೂ ನೆಲದ ಅದುರೇ, ಎರಡೂ ಅಪಾಯದ ಕೂಗೇ. ಆದರೂ ಆನೆಗಳು ವ್ಯತ್ಯಾಸ ಹಿಡಿದವು. ಅಂದರೆ 'ಏನೋ ಅದುರಿತು' ಎಂದಷ್ಟೇ ಅಲ್ಲ, ಅದು ಪರಿಚಿತ ದನಿಯೇ ಅಲ್ಲವೇ ಎಂಬುದೂ ಅವಕ್ಕೆ ನೆಲದಿಂದ ತಿಳಿಯಿತು.

ಪಾದದಿಂದ ಕಿವಿಗೆ

ಆನೆ ನಡೆಯುವುದು ಒಂದು ರೀತಿಯಲ್ಲಿ ತುದಿಗಾಲಿನ ಮೇಲೆ! ಅದರ ಹಿಮ್ಮಡಿಯ ಮೂಳೆ ಮೇಲಿರುತ್ತದೆ. ಅದರ ಕೆಳಗೆ ಕೊಬ್ಬಿನ ದಪ್ಪ ಮೆತ್ತೆ ಇರುತ್ತದೆ. ನೆಲದ ಅದುರು ಪಾದಕ್ಕೆ ಬಂದ ಮೇಲೆ ಎರಡು ದಾರಿಗಳಲ್ಲಿ ಮುಂದೆ ಹೋಗಬಹುದು. ಒಂದು, ಕಾಲಿನ ಮೂಳೆಗಳ ಮೂಲಕ ಹೆಗಲಿಗೆ, ಅಲ್ಲಿಂದ ತಲೆಬುರುಡೆಗೆ, ಕೊನೆಗೆ ಕಿವಿಯೊಳಗಿನ ಪುಟ್ಟ ಮೂಳೆಗಳಿಗೆ. ಆನೆಯಲ್ಲಿ ಈ ಮೂಳೆಗಳು ದೊಡ್ಡವು, ಭಾರವಾದವು. ಇನ್ನೊಂದು, ಪಾದದ ಚರ್ಮದೊಳಗೆ ಅದುರನ್ನು ಗುರುತಿಸುವ ಸೂಕ್ಷ್ಮ ಗ್ರಾಹಕಗಳಿವೆ. ಅವು ನರಗಳ ಮೂಲಕ ಮಿದುಳಿಗೆ ನೇರವಾಗಿ ಸುದ್ದಿ ಕಳಿಸುತ್ತವೆ. ಸೊಂಡಿಲ ತುದಿಯಲ್ಲೂ ಇಂಥ ಗ್ರಾಹಕಗಳಿವೆ. ಆನೆ ಕೆಲವೊಮ್ಮೆ ಸೊಂಡಿಲನ್ನು ನೆಲಕ್ಕಿಟ್ಟು ಸುಮ್ಮನೆ ನಿಲ್ಲುವುದು ಇದಕ್ಕಾಗಿಯೇ ಇರಬಹುದು.

ನಂಬಬೇಕಾದದ್ದು, ನಂಬಬಾರದ್ದು

'ಆನೆ ನೆಲದ ಮೂಲಕ 32 ಕಿಲೋಮೀಟರ್ ದೂರದ ಸುದ್ದಿ ಕೇಳುತ್ತದೆ' ಎಂದು ಕೆಲವೆಡೆ ಓದುತ್ತೀರಿ. ಆ ಸಂಖ್ಯೆ ಲೆಕ್ಕದಿಂದ ಬಂದದ್ದು. ನೆಲ ಒಂದೇ ಸಮನಾಗಿದ್ದು, ಬೇರೆ ಯಾವ ಅದುರೂ ಇಲ್ಲದಿದ್ದರೆ ಅಲೆ ಅಷ್ಟು ದೂರ ಹೋಗಬಹುದು ಎಂಬುದು ಅದರ ಅರ್ಥ. ಅಷ್ಟು ದೂರದ ಆನೆ ಅದನ್ನು ಕೇಳಿ ಉತ್ತರಿಸಿದ್ದನ್ನು ಯಾರೂ ತೋರಿಸಿಲ್ಲ. ನಿಜವಾದ ನೆಲದಲ್ಲಿ ಮರಳು, ಜೇಡಿ, ಬಂಡೆ ಬೆರೆತಿರುತ್ತವೆ. ಲಾರಿ, ರೈಲುಗಳ ಅದುರೂ ಇರುತ್ತದೆ. ಕೀನ್ಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮನುಷ್ಯರ ಗದ್ದಲ ಹೆಚ್ಚಾದಷ್ಟೂ ಆನೆಯ ನೆಲದ ಸುದ್ದಿ ಹೋಗುವ ದೂರ ಕುಗ್ಗುತ್ತದೆ ಎಂದು ತೋರಿಸಿತು. ಕಾಡಿನ ನಡುವೆ ಹೆದ್ದಾರಿ ಹಾದುಹೋದರೆ ದಾರಿಗೆ ಮಾತ್ರವಲ್ಲ, ಆನೆಗಳ ಮಾತಿಗೂ ಅಡ್ಡಿ.

2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಆನೆಗಳಿಗೆ ಮೊದಲೇ ತಿಳಿದು ಅವು ಎತ್ತರಕ್ಕೆ ಓಡಿದವು ಎಂಬ ಮಾತು ಹಬ್ಬಿತು. ಆಗ ಶ್ರೀಲಂಕಾದ ದಕ್ಷಿಣ ತೀರದ ಕಾಡಿನಲ್ಲಿ ಎರಡು ಆನೆಗಳ ಕೊರಳಿಗೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಪಟ್ಟಿ ಕಟ್ಟಲಾಗಿತ್ತು. ಅವು ಎಲ್ಲೆಲ್ಲಿ ನಡೆದವು ಎಂದು ವಿಜ್ಞಾನಿಗಳು ನೋಡಿದರು. ಅಲೆಗೆ ಮೊದಲೇ ಅವು ಓಡಿದ್ದಕ್ಕೆ ಯಾವ ಗುರುತೂ ಸಿಗಲಿಲ್ಲ. ಅದುರನ್ನು ಹಿಡಿಯುವುದು ಬೇರೆ, ಅದರ ಅರ್ಥ ತಿಳಿಯುವುದು ಬೇರೆ. ಬಳಗದ ಮೊರೆತವನ್ನು ಆನೆ ಹುಟ್ಟಿದಾಗಿನಿಂದ ಕೇಳಿ ಕಲಿತಿರುತ್ತದೆ. ಸುನಾಮಿ ಅದು ಕಲಿತ ಪಾಠವಲ್ಲ.

ಮಾಡಿ ನೋಡಿ

ಶಾಲೆಯ ಉದ್ದನೆಯ ಮರದ ಬೆಂಚಿನ ಒಂದು ತುದಿಯಲ್ಲಿ ನೀವು ಕುಳಿತುಕೊಳ್ಳಿ. ಇನ್ನೊಂದು ತುದಿಯಲ್ಲಿ ಗೆಳೆಯ ಅಥವಾ ಗೆಳತಿ ಉಗುರಿನಿಂದ ಬೆಂಚನ್ನು ಮೆಲ್ಲಗೆ ಕೆರೆಯಲಿ. ಮೊದಲು ನೆಟ್ಟಗೆ ಕುಳಿತು ಕೇಳಿ. ಆಮೇಲೆ ಒಂದು ಕಿವಿಯನ್ನು ಬೆಂಚಿಗೆ ಒತ್ತಿ, ಇನ್ನೊಂದನ್ನು ಕೈಯಿಂದ ಮುಚ್ಚಿ ಕೇಳಿ. ಯಾವಾಗ ಸ್ಪಷ್ಟವಾಗಿ ಕೇಳಿಸಿತು? ಈಗ ಕಿವಿಯ ಬದಲು ಮೊಣಕೈಯನ್ನು ಬೆಂಚಿಗೆ ಊರಿ, ಅದೇ ಕೈಯ ಬೆರಳಿನಿಂದ ಕಿವಿಯ ತೂತನ್ನು ಮುಚ್ಚಿ ನೋಡಿ. ಮೂಳೆಯ ಮೂಲಕ ಸದ್ದು ತಲೆಗೆ ಏರಿತೇ? ಎಟೋಶದ ಆನೆ ಮುಂಗಾಲನ್ನು ಊರಿ ನಿಂತದ್ದು ಬಹುಶಃ ಇದೇ ಕೆಲಸಕ್ಕೆ.